ಆ 180 ರೊಟ್ಟಿ ಎಲ್ಲಿ ಹೋದವು?

‘ಸರ್, ನಮಸ್ಕಾರ್ರಿ. 2019ರ ಕೃಷ್ಣಾ ನೆರೆಯಾಗ ಲಿಂಗಸುಗೂರಿನ ಒಂದು ಶಾಲೆಯೊಳಗ ನಾಲ್ಕು ದಿನ ಸೇವಾ ಮಾಡೀನಿ. “ಸಾವಿರಾರು ಜೀವಗಳಿಗೆ ಆಸರೆಯಾದ ಕೈಗಳು” ಅಂತ ಲೇಖನ ಬರೆದು ಕಳಿಸೀನಿ, ಜೊತೆಗೆ ಅವತ್ತಿನ ಲೆಕ್ಕದ ಚೀಟಿ ಫೋಟೋನೂ ಅದ. ಖರೇ ಹೇಳಬೇಕಂದ್ರ ನಾನು ಮಾಡಿದ್ದು ರೊಟ್ಟಿ ಎಣಿಸಿ ಗಂಟು ಕಟ್ಟೋದು, ಹಳೇ ಬಟ್ಟಿ ಬೇರೆ ಮಾಡೋದು ಅಷ್ಟೇ. ಅದನ್ನೇ ಬರೆದ್ರ ಯಾರು ಓದ್ತಾರ್ರಿ?’

ನಮಸ್ಕಾರ. ಲೇಖನವನ್ನು ಹಿಂದಕ್ಕೆ ಕಳಿಸುತ್ತಿದ್ದೇವೆ. ಚೀಟಿಯ ಫೋಟೋವನ್ನು ಇಟ್ಟುಕೊಂಡಿದ್ದೇವೆ, ಏಕೆಂದರೆ ನೀವು ಕಳಿಸಿದ್ದರಲ್ಲಿ ಓದಿಸಿಕೊಂಡು ಹೋದದ್ದು ಅದೊಂದೇ.

ಚೀಟಿಯಲ್ಲಿ ನಾಲ್ಕು ದಿನದ ಮೊತ್ತ ಹೀಗಿದೆ: ಬಂದ ರೊಟ್ಟಿ 1,240, ಕಳಿಸಿದ್ದು 1,060. ನಿಮ್ಮ ಲೇಖನದಲ್ಲಿ ಇದೇ ಸಂಗತಿ ‘ಸಹಸ್ರಾರು ಸಂತ್ರಸ್ತರ ಹಸಿವು ನೀಗಿಸಲಾಯಿತು’ ಎಂದಾಗಿದೆ. ಲೆಕ್ಕ ಹಾಕಿ ನೋಡೋಣ. ಹೊಲದಲ್ಲಿ ದುಡಿಯುವ ದೊಡ್ಡವರಿಗೆ ಒಂದು ಹೊತ್ತಿಗೆ ಮೂರು ರೊಟ್ಟಿ ಹಿಡಿಯಿರಿ. 1,060 ರೊಟ್ಟಿ ಅಂದರೆ ಸುಮಾರು 350 ಊಟ. ನಾಲ್ಕು ದಿನ, ದಿನಕ್ಕೆ ಎರಡು ಹೊತ್ತು ಅಂದರೆ 44 ಜನ. ನಾಲ್ಕು ದಿನ 44 ಮಂದಿ ರೊಟ್ಟಿ ಉಂಡರು ಎಂದು ಬರೆದರೆ ಓದುಗನ ಕಣ್ಣಿಗೆ ಒಂದು ಪಂಗ್ತಿ ಕಾಣುತ್ತದೆ. ಸಹಸ್ರಾರು ಎಂದರೆ ಯಾರ ಮುಖವೂ ಕಾಣುವುದಿಲ್ಲ. ಅದರ ಮೇಲೆ ಆ ಶಾಲೆಯಲ್ಲಿ ಗಂಟು ಕಟ್ಟಿದವರು ನೀವೊಬ್ಬರೇ ಅಲ್ಲ, ಎಂಟು ಜನ ಎಂದು ನೀವೇ ಬರೆದಿದ್ದೀರಿ. ನಿಮ್ಮ ಪಾಲು ಎಷ್ಟು ಎಂಬುದನ್ನು ಓದುಗ ತಾನೇ ಭಾಗಿಸಿಕೊಳ್ಳುತ್ತಾನೆ, ಸಂಖ್ಯೆ ಕೊಟ್ಟರೆ ಸಾಕು.

ಇನ್ನು ಆ ‘ಲಾಯಿತು’. ಹಂಚಲಾಯಿತು, ರಕ್ಷಿಸಲಾಯಿತು, ತಲುಪಿಸಲಾಯಿತು ಎಂದು ಮೂರು ಪುಟದಲ್ಲಿ ಹದಿನಾಲ್ಕು ಸಲ ಬಂದಿದೆ. ಅದು ಕಚೇರಿ ಟಿಪ್ಪಣಿಯ ಭಾಷೆ. ಮಾಡಿದವರು ಯಾರು ಎಂದು ಹೇಳದೆ ದಾಟಿಕೊಳ್ಳುವುದಕ್ಕೆ ಹುಟ್ಟಿದ್ದು. ಅದನ್ನು ಬಿಟ್ಟ ಕಡೆ ‘ನಾವು’ ಎಂದಿದ್ದೀರಿ, ಅದು ಇನ್ನೂ ಅಪಾಯ. ‘ನಾವು ನಡುಗಡ್ಡೆಯ ಜನರನ್ನು ಕಾಪಾಡಿದೆವು’ ಎಂಬ ಸಾಲು ನೋಡಿ. ಆ ಆಗಸ್ಟ್‌ನಲ್ಲಿ ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಾಗ ಶೀಲಹಳ್ಳಿ ಸೇತುವೆ ಮುಳುಗಿತು, ಯಳಗುಂದಿ, ಹಂಚಿನಾಳ, ಯರಗೋಡಿ, ಕಡದರಗಡ್ಡಿ ಕಡೆಯ ದಾರಿ ಕಡಿಯಿತು. ನೀವು ಇದ್ದದ್ದು ಸೇತುವೆಯ ಈಚೆ, ಲಿಂಗಸುಗೂರಿನ ಶಾಲೆಯ ಪಡಸಾಲೆಯಲ್ಲಿ. ದೋಣಿ ಹತ್ತಿದವರು ಬೇರೆಯವರು. ಲೇಖನದ ಎರಡನೇ ಸಾಲಿನಲ್ಲೇ ಇದನ್ನು ಹೇಳಿಬಿಡಿ: ‘ನಾನು ಹೊಳೆ ನೋಡಲಿಲ್ಲ, ರೊಟ್ಟಿ ನೋಡಿದೆ.’ ಹೊಳೆಯನ್ನು ಟಿವಿಯಲ್ಲಿ ಎಲ್ಲರೂ ನೋಡಿದ್ದಾರೆ, ಪಡಸಾಲೆಯನ್ನು ಯಾರೂ ನೋಡಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. 1,240ರಲ್ಲಿ 1,060 ಕಳೆದರೆ 180. ಇವುಗಳ ಬಗ್ಗೆ ಲೇಖನದಲ್ಲಿ ಒಂದಕ್ಷರವಿಲ್ಲ. ಚೀಟಿಯಲ್ಲಿ ಮಾತ್ರ, ಎರಡನೇ ದಿನದ ಅಂಚಿನಲ್ಲಿ, ಪೆನ್ಸಿಲ್‌ನಿಂದ ‘ಮುಂಜಾನೆ 3 ಚೀಲ ವಾಸನಿ’ ಎಂದಿದೆ. ಚೀಲಕ್ಕೆ ಐವತ್ತು ಎಂದು ಮೇಲೆ ಬರೆದಿರುವುದರಿಂದ ಅವು 150 ರೊಟ್ಟಿ. ಏನಾಗಿರಬೇಕು ಎಂದು ರೊಟ್ಟಿ ಬಡಿದವರಿಗೆ ಹೇಳಬೇಕಾಗಿಲ್ಲ. ಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ನಾದುವುದರಿಂದ ಮೆತ್ತನೆಯ ರೊಟ್ಟಿಯ ಒಳಗೆ ನೀರು ಇದ್ದೇ ಇರುತ್ತದೆ. ಹೆಂಚಿನಿಂದ ಇಳಿದದ್ದನ್ನು ಹಾಗೆಯೇ ಒಂದರ ಮೇಲೊಂದು ಪೇರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿದರೆ ಉಗಿ ಹೊರಗೆ ಹೋಗದೆ ಒಳಗೇ ಬೆವರಾಗುತ್ತದೆ. ನಡುವಿನ ರೊಟ್ಟಿಗಳು ಮೊದಲು ಒಂದಕ್ಕೊಂದು ಅಂಟುತ್ತವೆ, ಮಳೆಗಾಲದ ತೇವದಲ್ಲಿ ಮರುದಿನಕ್ಕೆ ಹುಳಿ ವಾಸನೆ, ಅದರ ಮರುದಿನ ಬೂಷ್ಟು. ಮೇಲಿನ ಎರಡು ರೊಟ್ಟಿ ನೋಡಿದರೆ ಚೆನ್ನಾಗಿಯೇ ಇರುತ್ತವೆ, ಅದಕ್ಕೇ ಗೊತ್ತಾಗುವುದಿಲ್ಲ. ಗಂಟಿನ ನಡುವೆ ಕೈ ಹಾಕಿ ನೋಡಬೇಕು.

ಮೂರನೇ ದಿನದಿಂದ ಚೀಟಿಯಲ್ಲಿ ‘ಚೀಲ’ ಹೋಗಿ ‘ಗಂಟು, 10ರದು’ ಎಂದಾಗಿದೆ. ಅಂದರೆ ಯಾರೋ ಬುದ್ಧಿ ಹೇಳಿದ್ದಾರೆ, ಅಥವಾ ನೀವೇ ಕಲಿತಿದ್ದೀರಿ. ಯಾರು? ಪಡಸಾಲೆಯಲ್ಲಿ ಸೀರೆ ಹಾಸಿ ರೊಟ್ಟಿ ಆರಿಸಿದಿರಾ? ಬಟ್ಟೆಯಲ್ಲಿ ಕಟ್ಟಿದಿರೋ, ಪೇಪರಿನಲ್ಲೋ? ಮುಂದೆ ಖಡಕ್ ರೊಟ್ಟಿಯನ್ನೇ ಕಳಿಸಿ ಎಂದು ಹಳ್ಳಿಗಳಿಗೆ ಫೋನ್ ಹೋಯಿತೇ? ಖಡಕ್ ರೊಟ್ಟಿ ಬೇಗ ಬೂಷ್ಟು ಹಿಡಿಯುವುದಿಲ್ಲ, ಆದರೆ ಅದಕ್ಕೆ ಅದರದೇ ಕಾಟ. ಗೋಣಿಚೀಲದಲ್ಲಿ ತುಂಬಿ ಟಾಟಾ ಏಸ್‌ನಲ್ಲಿ ಅಕ್ಕಿ ಮೂಟೆಯ ಕೆಳಗೆ ಹಾಕಿದರೆ ಇಳಿಸುವಾಗ ಚೂರು. ಉಳಿದ 30 ರೊಟ್ಟಿ ಹೀಗೇ ಹೋಗಿರಬಹುದು, ನೀವೇ ಹೇಳಬೇಕು. ಇನ್ನೊಂದು: ಹಲ್ಲಿಲ್ಲದ ಅಜ್ಜಿಗೂ ಎರಡು ವರ್ಷದ ಕೂಸಿಗೂ ಖಡಕ್ ರೊಟ್ಟಿ ಕೊಟ್ಟರೆ ನೆನೆಸಿಕೊಳ್ಳಲು ಬಿಸಿ ಸಾರೋ ಹಾಲೋ ಬೇಕು. ಶೇಂಗಾ ಹಿಂಡಿ ಸಾಲದು. ಕಾಳಜಿ ಕೇಂದ್ರದಲ್ಲಿ ಸಾರು ಇತ್ತೇ ಎಂಬ ಒಂದು ಸಾಲು ನಿಮ್ಮ ‘ಕಣ್ಣೀರು ಒರೆಸಿದ ಕೈಗಳು’ ಪ್ಯಾರಾಕ್ಕಿಂತ ಹೆಚ್ಚು ಹೇಳುತ್ತದೆ.

ಲೇಖನದಲ್ಲಿ ಇಲ್ಲವೇ ಇಲ್ಲದವರು ರೊಟ್ಟಿ ಬಡಿದ ಹೆಂಗಸರು. ಒಂದು ಒಲೆಯ ಮುಂದೆ ಒಬ್ಬರು ತಾಸಿಗೆ 25 ರೊಟ್ಟಿ ಎಂದು ಹಿಡಿದರೂ 1,240 ರೊಟ್ಟಿಗೆ 50 ತಾಸು ಬೇಕು. ರೊಟ್ಟಿಗೆ 50 ಗ್ರಾಂ ಎಂದರೂ 60 ಕೆಜಿಗೂ ಮೇಲೆ ಹಿಟ್ಟು, ಅದನ್ನು ಅವರು ಮನೆಯ ಡಬ್ಬಿಯಿಂದ ತೆಗೆದಿದ್ದಾರೆ. ನಿಮ್ಮ ಪಡಸಾಲೆಯ ಕೆಲಸ ಅದರ ಮುಂದೆ ಎಷ್ಟು ಎಂದು ನೀವೇ ತೂಗಿ ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಯಾವ ಊರಿನಿಂದ ಎಷ್ಟು ಗಂಟು ಬಂತು ಎಂದಾದರೂ ಬರಲಿ.

ಹಳೇ ಬಟ್ಟೆಯ ಭಾಗ ಬೇಗ ಮುಗಿಸಿ. ಎಷ್ಟು ಮೂಟೆ ಬಿಚ್ಚಿದಿರಿ, ಉಡುವಂಥದ್ದು ಎಷ್ಟು ಸಿಕ್ಕಿತು, ಲಂಗ ಇಲ್ಲದ ಸೀರೆಗಳು ಎಷ್ಟು, ಬೇಡವಾದದ್ದನ್ನು ಕೊನೆಗೆ ಎಲ್ಲಿ ಹಾಕಿದಿರಿ, ಇಷ್ಟು ಸಾಕು. ಕೊಟ್ಟವರನ್ನು ಬೈಯಬೇಡಿ, ಮೂಟೆಯೊಳಗೆ ಇದ್ದದ್ದನ್ನು ಹೇಳಿ. ಒಂದೇ ಕಾಲಿನ ಚಪ್ಪಲಿ ಸಿಕ್ಕಿತ್ತು ಎಂದು ಒಂದು ಕಡೆ ಬರೆದಿದ್ದೀರಿ, ಅದು ಇರಲಿ. ಪ್ರವಾಹವನ್ನು ವರ್ಣಿಸುವ ಮೊದಲ ಪುಟ ಪೂರ್ತಿ ಹೋಗಲಿ. ‘ಮಾನವೀಯತೆ’ ಎಂಬ ಪದ ಐದು ಕಡೆ ಇದೆ, ಐದೂ ಹೋಗಲಿ.

ನೆನಪಿಲ್ಲದ ಸಂಖ್ಯೆಯನ್ನು ತುಂಬಲು ಹೋಗಬೇಡಿ. ‘ನಾಲ್ಕನೇ ದಿನ ಬಟ್ಟೆ ಮೂಟೆ ಎಣಿಸಲಿಲ್ಲ, ಮಳೆ ಜೋರಿತ್ತು, ಹಾಗೇ ಏರಿಸಿದೆವು’ ಎಂದರೂ ನಾವು ಅಚ್ಚು ಹಾಕುತ್ತೇವೆ. ನಿಮ್ಮ ಜೊತೆಗಿದ್ದ ಏಳು ಜನರಲ್ಲಿ ಒಬ್ಬರಿಗಾದರೂ ಕರಡು ತೋರಿಸಿ, ಅವರು ‘ಹಂಗಿರಲಿಲ್ಲೋ’ ಎಂದ ಕಡೆಯೆಲ್ಲ ತಿದ್ದಿ.

ಎಂಟುನೂರು ಪದ ಮೀರದಂತೆ ಮತ್ತೆ ಕಳಿಸಿ. ಪೆನ್ಸಿಲ್‌ನ ಆ ಸಾಲಿನಿಂದ ಸುರು ಮಾಡಿ: ಮುಂಜಾನೆ, ಮೂರು ಚೀಲ, ವಾಸನೆ. ಬಾಯಿ ಬಿಚ್ಚಿದವರು ಯಾರು, ಆ ರೊಟ್ಟಿಗಳನ್ನು ದನಕ್ಕೆ ಹಾಕಿದಿರೋ ಮಣ್ಣಿಗೋ, ಅವತ್ತು ಮಧ್ಯಾಹ್ನದ ಗಾಡಿಗೆ ಏನು ಏರಿಸಿದಿರಿ ಎಂಬುದು ನಮಗಿನ್ನೂ ಗೊತ್ತಿಲ್ಲ.