BaSO4 ತೂಕದಲ್ಲಿ ಸಲ್ಫೇಟ್ ಪರ್ಸೆಂಟ್ ಕಮ್ಮಿ ಬರ್ತಿದೆ, ಯಾಕೆ?

ಪ್ರಶ್ನೆ: ಜಿಪ್ಸಮ್ ಸ್ಯಾಂಪಲ್ 0.4005 ಗ್ರಾಂ ತಗೊಂಡೆ. BaSO4 0.4776 ಗ್ರಾಂ ಬಂತು, ಸಲ್ಫೇಟ್ 49.08%. ಅದೇ ಡಬ್ಬಿಯಿಂದ ಮಾಡಿದ ಫ್ರೆಂಡ್‌ಗೆ 50.21%, ಸರ್ ಅದೇ ಸರಿ ಅಂದ್ರು. ಲೆಕ್ಕ ಮೂರು ಸಲ ನೋಡಿದೆ. ನನ್ನ ತೂಕ ಎಲ್ಲಿ ಹೋಯ್ತು?

ಲೆಕ್ಕದಲ್ಲಿ ತಪ್ಪಿಲ್ಲ ಬಿಡ್ರಿ. BaSO4 ತೂಕ 233.4, ಅದರೊಳಗಿನ SO4 96.06, ಭಾಗಿಸಿದ್ರೆ 0.4116. ನಿಮ್ಮ 0.4776ನ ಅದರಿಂದ ಗುಣಿಸಿ 0.4005ರಿಂದ ಭಾಗಿಸಿ 100ರಿಂದ ಗುಣಿಸಿದ್ರೆ 49.08 ಬರ್ತದೆ, ಸರಿ ಐತೆ. ಫ್ರೆಂಡ್ ಹೇಳಿದ 50.21 ಬರ್ಬೇಕು ಅಂದ್ರೆ ಕ್ರುಸಿಬಲ್‌ನಲ್ಲಿ 0.4886 ಗ್ರಾಂ ಇರ್ಬೇಕಿತ್ತು. ಅಂದ್ರೆ 11 ಮಿಲಿಗ್ರಾಂ ಕಾಣೆಯಾಗಿದೆ.

ಒಂದು ಕೇಳ್ತೀನಿ, ಸುಟ್ಟಾದ್ಮೇಲೆ ಪುಡಿ ಬೆಳ್ಳಗಿತ್ತಾ ಇಲ್ಲ ಸ್ವಲ್ಪ ಬೂದಿ ಬಣ್ಣ ಇತ್ತಾ? ನಂಗೆ ಅನುಮಾನ ಫಿಲ್ಟರ್ ಪೇಪರ್ ಸುಡೋ ಹಂತದ ಮೇಲೇನೇ. ನಾನು ದಾವಣಗೆರೆಲಿ ಬಿಎಸ್ಸಿ ಮಾಡೋವಾಗ ಇದೇ ತಪ್ಪು ಮಾಡಿದ್ದೆ, ಮಧ್ಯಾಹ್ನ ಬಸ್ ತಪ್ಪಿಹೋಗ್ತದೆ ಅಂತ ಬರ್ನರ್‌ನ ಮೊದಲೇ ಪೂರ್ತಿ ಬಿಟ್ಟು, ಕ್ರುಸಿಬಲ್ ಮುಚ್ಚಳ ಗಟ್ಟಿ ಮುಚ್ಚಿ, ಬೇಗ ಆಗ್ಲಿ ಅಂತ ಕೂತಿದ್ದೆ. ಮಂಡಕ್ಕಿ ಭಟ್ಟಿಲಿ ಬೆಂಕಿ ಜೋರಾಗಿದ್ರೇನೇ ಮಂಡಕ್ಕಿ ಅರಳೋದು, ಆದ್ರೆ ಇಲ್ಲಿ ಆ ಬುದ್ಧಿ ನಡೆಯಲ್ಲ.

ಆಗೋದು ಇಷ್ಟೇ. ಪೇಪರ್ ಕರಕಲಾದ್ರೆ ಅದು ಇದ್ದಲು, ಅಂದ್ರೆ ಕಾರ್ಬನ್. ಗಾಳಿ ಸರಿಯಾಗಿ ಆಡದೆ ಕ್ರುಸಿಬಲ್ ಕೆಂಪಗೆ ಕಾದ್ರೆ ಆ ಕಾರ್ಬನ್ ಬೇಕಾದ ಆಕ್ಸಿಜನ್‌ನ ಸಲ್ಫೇಟ್‌ನಿಂದಲೇ ಕಿತ್ಕೊಳ್ತದೆ:

BaSO4 + 4C → BaS + 4CO

ನಾಲ್ಕು ಆಕ್ಸಿಜನ್ ಹೋದ್ರೆ 233.4 ಇದ್ದಿದ್ದು 169.4 ಆಗ್ತದೆ, 64 ಕಮ್ಮಿ. ನಿಮ್ಮ 11 ಮಿಲಿಗ್ರಾಂ ಪೂರ್ತಿ ಹೀಗೇ ಹೋಗಿದೆ ಅಂದ್ಕೊಂಡ್ರೆ ಬೇರಿಯಂ ಸಲ್ಫೈಡ್ ಆಗಿರೋದು ಬರೀ 40 ಮಿಲಿಗ್ರಾಂ BaSO4, ನೂರಕ್ಕೆ 8 ಭಾಗ ಅಷ್ಟೇ. ಅಷ್ಟಕ್ಕೇ ಉತ್ತರ ಒಂದು ಪರ್ಸೆಂಟ್‌ಗಿಂತ ಜಾಸ್ತಿ ಇಳಿದುಬಿಡ್ತು ನೋಡ್ರಿ.

ಪ್ರೆಸಿಪಿಟೇಟ್ ಎಸೆದಿಲ್ಲ ಅಂದ್ರೆ ಇನ್ನೂ ಸರಿ ಮಾಡಬಹುದು. ಕ್ರುಸಿಬಲ್ ಪೂರ್ತಿ ತಣ್ಣಗಾಗ್ಲಿ, ಆಮೇಲೆ ಫ್ಯೂಮ್ ಹುಡ್‌ನಲ್ಲಿಟ್ಟು ಒಂದೆರಡು ಹನಿ ಡೈಲ್ಯೂಟ್ ಸಲ್ಫ್ಯೂರಿಕ್ ಆಸಿಡ್ ಹಾಕ್ರಿ. ಕೊಳೆತ ಮೊಟ್ಟೆ ವಾಸನೆ ಬಂತು ಅಂದ್ರೆ ಕಳ್ಳ ಸಿಕ್ಕ ಹಂಗೆ, ಅದು H2S, ಬೇರಿಯಂ ಸಲ್ಫೈಡ್ ವಾಪಸ್ ಸಲ್ಫೇಟ್ ಆಗ್ತಿದೆ. (ಮೂಗು ಹತ್ರ ಒಯ್ಯಬೇಡ್ರಿ, ಅದು ವಿಷದ ಗ್ಯಾಸ್.) ಮೊದಲು ಸಣ್ಣ ಉರಿಲಿ ಬಿಳಿ ಹೊಗೆ ನಿಲ್ಲೋವರೆಗೂ ಇಡ್ರಿ, ಅವಸರ ಮಾಡಿದ್ರೆ ಸಿಡಿದು ಪುಡಿ ಹೊರಗೆ ಬೀಳ್ತದೆ. ಆಮೇಲೆ ಕೆಂಪಗೆ ಕಾಯಿಸಿ, ಡೆಸಿಕೇಟರ್‌ನಲ್ಲಿ ಆರಿಸಿ, ತೂಗಿ, ಮತ್ತೊಮ್ಮೆ ಕಾಯಿಸಿ ತೂಗ್ರಿ. ಎರಡೂ ತೂಕ ಒಂದೇ ಬರೋವರೆಗೂ ಬಿಡಬೇಡ್ರಿ. ನಂದು ಹೀಗೆ ಮಾಡಿದ್ಮೇಲೇನೇ ಸರಿ ತೂಕಕ್ಕೆ ಬಂದಿದ್ದು.

ಆದ್ರೆ ಒಂದು ಹುಷಾರು. ವಾಸನೇನೂ ಇಲ್ಲ, ತೂಕಾನೂ ಏರಲಿಲ್ಲ ಅಂದ್ರೆ ಪ್ರೆಸಿಪಿಟೇಟ್ ಪೇಪರ್ ದಾಟಿ ಹೋಗಿರಬೇಕು, ಹೋದದ್ದು ಆಸಿಡ್‌ಗೆ ವಾಪಸ್ ಬರಲ್ಲ. ಫಿಲ್ಟ್ರೇಟ್ ಇಟ್ಟಿದ್ರೆ ಅಲ್ಲಾಡಿಸದೆ ತಳ ನೋಡ್ರಿ, ಬೆಳ್ಳಗೆ ಕೂತಿರ್ತದೆ. ಇದಕ್ಕೆ ಕಾರಣ ಬೇರಿಯಂ ಕ್ಲೋರೈಡ್‌ನ ತಣ್ಣಗಿನ ದ್ರಾವಣಕ್ಕೆ ಒಂದೇ ಸಲ ಸುರಿಯೋದು, ಕಣ ಬಹಳ ಸಣ್ಣದಾಗ್ತವೆ. ಕುದಿಯೋ ಹತ್ರ ಇರೋ ದ್ರಾವಣಕ್ಕೆ, ಸ್ವಲ್ಪ HCl ಇರೋವಾಗ, ಹನಿ ಹನಿಯಾಗಿ ಕಲಕ್ತಾ ಹಾಕಿ, ಒಂದು ಗಂಟೆಯಾದ್ರೂ ವಾಟರ್ ಬಾತ್ ಮೇಲೆ ಬಿಟ್ರೆ ಕಣ ದಪ್ಪ ಆಗ್ತವೆ, ವಾಟ್ಮನ್ 42 ಪೇಪರ್ ಮೇಲೆ ನಿಲ್ತವೆ.

ಇನ್ನೊಂದು, ಬಿಸಿನೀರಲ್ಲಿ ತೊಳೆದದ್ದು ಸಾಲದೆ ಬೇರಿಯಂ ಕ್ಲೋರೈಡ್ ಉಳಿದಿದ್ರೆ ಅದೂ ಆ ಆಸಿಡ್ ಹನಿಗೆ ಸಲ್ಫೇಟ್ ಆಗಿ ತೂಕ ಏರಿಸ್ತದೆ, ಆಗ ಉತ್ತರ ಸರಿ ಬಂದಂಗೆ ಕಂಡ್ರೂ ಎರಡು ತಪ್ಪು ಸೇರಿ ಬಂದಿರ್ತದೆ. ಅದಕ್ಕೇ ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಹಾಕಿ ನೋಡಿದ್ರಾ ಅಂತ ನಿಮ್ಮ ರೆಕಾರ್ಡ್ ಬುಕ್ಕಲ್ಲಿ ಒಂದ್ಸಲ ಚೆಕ್ ಮಾಡ್ಕಳ್ರಿ.

ಮುಂದಿನ ಸಲ ಪೇಪರ್ ಧಗಧಗ ಹೊತ್ತಿ ಉರಿಯಬಾರ್ದು, ಸಣ್ಣ ಉರಿಲಿ ಹೊಗೆಯಾಡಿ ಕಪ್ಪಗಾಗ್ಬೇಕು. ಆಮೇಲೆ ಮುಚ್ಚಳ ಓರೆ ಮಾಡಿ, ಕ್ರುಸಿಬಲ್ ಸ್ವಲ್ಪ ವಾಲಿಸಿಟ್ಟು ಗಾಳಿ ಒಳಗೆ ಹೋಗೋ ಹಂಗೆ ಮಾಡಿ, ಕಪ್ಪು ಪೂರ್ತಿ ಹೋಗಿ ಬೆಳ್ಳಗಾದ್ಮೇಲೇನೇ ಜೋರು ಉರಿ. ನಮ್ಮ ಚಳ್ಳಕೆರೆ ಕಡೆ ಶೇಂಗಾ ಹೊಲಕ್ಕೆ ಹಾಕೋ ಜಿಪ್ಸಮ್ ತರ ಮಣ್ಣು ಬೆರೆತ ಸ್ಯಾಂಪಲ್ ಆದ್ರೆ 50ರ ಆಸುಪಾಸು ಬರೋದ್ರಲ್ಲಿ ಆಶ್ಚರ್ಯ ಇಲ್ಲ, ಶುದ್ಧ ಜಿಪ್ಸಮ್‌ಗೇ 55.8%. ಅದನ್ನೂ ದಾಟಿ ಬಂದ್ರೆ ಮೊದಲು ತೊಳೆದದ್ದು ಸಾಲಲಿಲ್ವಾ ನೋಡ್ರಿ. ಕ್ರುಸಿಬಲ್ ಇನ್ನೂ ಐತಾ?