ಅಜ್ಜಿಯ ಹಿಡಿ ಮತ್ತು ಸೌಟು ಗ್ರಾಂನಲ್ಲಿ ಎಷ್ಟು?

"ಅಜ್ಜಿ ಎಲ್ಲಾ ಕಣ್ಣಳತೆಯಲ್ಲೇ ಹಾಕ್ತಾರೆ. ಹುಳಿಯಲ್ಲಿ ನನಗೆ ಎಷ್ಟು ಪ್ರೋಟೀನ್ ಸಿಗುತ್ತೆ ಅಂತ ಲೆಕ್ಕ ಹಾಕೋದು ಹೇಗೆ? ಅವರಿಗೆ ಹೇಗೆ ಹೇಳಲಿ?"

ಅಜ್ಜಿಯ ಕೈ ಅಳತೆ ಬದಲಾಯಿಸಲು ಹೋಗಬೇಡಿ. "ನೀವು ಹಾಕೋದು ಹಾಕಿ ಅಜ್ಜಿ, ಪಾತ್ರೆಗೆ ಬಿದ್ದ ಬೇಳೆ ಒಂದೊಂದು ಸೌಟಿಗೆ ಎಷ್ಟು ಬರುತ್ತೆ ಅಂತ ನೋಡ್ತೀನಿ" ಅಂದರೆ ಸಾಕು.

ಅಡುಗೆ ತಕ್ಕಡಿ ಮೇಲೆ ಬಟ್ಟಲಿಟ್ಟು ಸೊನ್ನೆ ಮಾಡಿ. ಅಜ್ಜಿ ಹಿಡಿ ಲೆಕ್ಕದಲ್ಲಿ ಒಣ ತೊಗರಿಬೇಳೆಯನ್ನು ಅದಕ್ಕೇ ಹಾಕಲಿ. ಮೂರು ಹಿಡಿ 150 ಗ್ರಾಂ ಬಂತು ಅಂತಿಟ್ಟುಕೊಳ್ಳಿ. 100 ಗ್ರಾಂ ಒಣ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತದೆ, ಅಂದರೆ ಇಡೀ ಪಾತ್ರೆಯಲ್ಲಿ 33 ಗ್ರಾಂ. ಒಗ್ಗರಣೆಗೆ ಮೊದಲು, ಆಮೇಲೆ ಎಣ್ಣೆ ಬಾಟಲಿ ತೂಗಿ. 30 ಗ್ರಾಂ ಕಡಿಮೆಯಾಗಿದ್ದರೆ ಅಷ್ಟೂ ಕೊಬ್ಬೇ. ಎಣ್ಣೆಯನ್ನು ಕಣ್ಣಲ್ಲಿ ಅಂದಾಜು ಮಾಡೋದು ಕಷ್ಟ, ಇದನ್ನು ಬಿಡಬೇಡಿ.

ಹುಳಿ ಆದ ಮೇಲೆ ಪಾತ್ರೆ ಸಮೇತ ತೂಗಿ, ಖಾಲಿ ಪಾತ್ರೆಯ ತೂಕ ಕಳೆಯಿರಿ. 1800 ಗ್ರಾಂ ಉಳಿದು, ಅಜ್ಜಿಯ ಸೌಟಿಗೆ 120 ಗ್ರಾಂ ಹಿಡಿದರೆ ಒಟ್ಟು 15 ಸೌಟು. ಸೌಟಿಗೆ ಬೇಳೆಯಿಂದ 2.2 ಗ್ರಾಂ ಪ್ರೋಟೀನ್, ಎಣ್ಣೆಯಿಂದ 2 ಗ್ರಾಂ ಕೊಬ್ಬು. ಎರಡು ಸೌಟು ತಿಂದರೂ ಪ್ರೋಟೀನ್ 5 ಗ್ರಾಂ ದಾಟಲ್ಲ. ಬೇಜಾರಾಗುತ್ತೆ, ಅಲ್ವಾ?

ಊಟದ ಲೆಕ್ಕ ಇಡೋ ಆ್ಯಪ್‌ನಲ್ಲಿ ಹುಳಿಯ ತೂಕವನ್ನು "ಒಣ ಬೇಳೆ" ಅಂತ ನಮೂದಿಸಬೇಡಿ. ಆಗ ಎರಡು ಸೌಟಿಗೇ 50 ಗ್ರಾಂಗಿಂತ ಜಾಸ್ತಿ ಪ್ರೋಟೀನ್ ತೋರಿಸುತ್ತದೆ. ಬಡಿಸೋ ಮುಂಚೆ ತಳದಿಂದ ಕಲಸಿ, ಬೇಳೆ ಕೆಳಗೇ ಕೂತಿರುತ್ತದೆ. ತರಕಾರಿ, ತೆಂಗಿನಕಾಯಿ ಹಾಕಿದ್ದರೆ ಅವನ್ನೂ ಹೀಗೇ ಹಸಿಯಾಗಿದ್ದಾಗಲೇ ತೂಗಿ ಸೇರಿಸಿ.