ಸೂಟಿನ ಪದ್ಯವನ್ನು ಇಟ್ಟುಕೊಂಡಿದ್ದೇನೆ

"ಸಂಪಾದಕರಿಗೆ ನಮಸ್ಕಾರ. ನಾನು ಅರಸೀಕೆರೆಯ ಒಂದು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವನು. 12 ವಚನ ಕಳಿಸಿದ್ದೇನೆ. ಊರ ಭಜನೆಯಲ್ಲಿ ಹಾಡಿದ್ದೇವೆ, ಜನ ತಲೆದೂಗಿದ್ದಾರೆ. ನಮ್ಮ ಮೇಷ್ಟ್ರು ಮಾತ್ರ ಇವು ವಚನ ಅಲ್ಲ, ಸಿನಿಮಾ ಭಕ್ತಿಗೀತೆ ಅಂದ್ರು. ಭಕ್ತಿ ಎರಡರಲ್ಲೂ ಒಂದೇ ಅಲ್ವಾ?"

ನಮಸ್ಕಾರ. ನಿಮ್ಮ ಮೇಷ್ಟ್ರ ಮಾತು ಹನ್ನೊಂದರ ಮಟ್ಟಿಗೆ ಸರಿ. ಹನ್ನೆರಡನೆಯದರ ವಿಷಯ ಆಮೇಲೆ ಹೇಳುತ್ತೇನೆ.

ಮೊದಲು ಆಯ್ದಕ್ಕಿ ಲಕ್ಕಮ್ಮನ ಒಂದು ವಚನ ನೋಡಿ. ಕಥೆ ನಿಮಗೆ ಗೊತ್ತಿರಬಹುದು. ಗಂಡ ಮಾರಯ್ಯ ಕಲ್ಯಾಣದಲ್ಲಿ ಅಂಗಳಕ್ಕೆ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ತಂದ. ಆಗ ಅವಳು ಹೇಳಿದ್ದು:

ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ?
ರೋಷವೆಂಬುದು ಯಮದೂತರಿಗಲ್ಲದೆ ಅಜಾತರಿಗುಂಟೆ ಅಯ್ಯಾ?
ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ.
ಮಾರಯ್ಯಪ್ರಿಯ ಅಮರೇಶ್ವರಲಿಂಗಕ್ಕೆ ದೂರ ಮಾರಯ್ಯಾ.

ಇದರಲ್ಲಿ ದೇವರ ಹೊಗಳಿಕೆ ಎಲ್ಲಿದೆ? ಒಂದು ಪದವೂ ಇಲ್ಲ. ಬೇಡಿಕೆಯೂ ಇಲ್ಲ. ಅವಳು ಮಾತಾಡುತ್ತಿರುವುದು ಗಂಡನ ಜೊತೆ, ಅದೂ ಅಕ್ಕಿಯ ಬಗ್ಗೆ. 'ಈಸಕ್ಕಿ' ಅಂದರೆ ಇಷ್ಟೊಂದು ಅಕ್ಕಿ. ಇವಳ ಭಕ್ತಿಯೆಲ್ಲ ಆ ಅಳತೆಯಲ್ಲಿದೆ. ಅಕ್ಕಿ ಹೆಚ್ಚಾದರೆ ದೇವರು ದೂರ, ಅಷ್ಟೇ.

ಹಾಗಂತ ಇದು ಸುಮ್ನೆ ಆಡಿದ ಮಾತನ್ನು ಸಾಲು ಮುರಿದು ಬರೆದದ್ದಲ್ಲ. ಮೊದಲ ಎರಡು ಸಾಲು ಒಂದೇ ಅಚ್ಚಿನವು, ಎರಡೂ 'ಅಯ್ಯಾ' ಎಂದು ನಿಲ್ಲುತ್ತವೆ. ಮೂರನೆಯದು ಆ ಅಚ್ಚನ್ನು ಒಡೆದು ಥಟ್ಟನೆ ನೆಲಕ್ಕಿಳಿಯುತ್ತದೆ. ಮನೆಯಲ್ಲಿ ಹೆಂಗಸರು ದೊಡ್ಡ ಮಾತಿನಿಂದ ಶುರು ಮಾಡಿ ಕೊನೆಗೆ ನೇರ ವಿಷಯಕ್ಕೆ ಬರುವ ರೀತಿಯೇ ಇದು. ಲಯ ಬಂದಿರುವುದು ಮಾತಿನಿಂದ, ತಾಳದಿಂದಲ್ಲ. ಬಸವಣ್ಣನೇ "ತಾಳಮಾನ ಸರಿಸವನರಿಯೆ" ಎಂದು ಹೇಳಿ, "ಆನು ಒಲಿದಂತೆ ಹಾಡುವೆ" ಅನ್ನುತ್ತಾನೆ.

ಸಿನಿಮಾ ಹಾಡಿನ ದಾರಿ ಬೇರೆ. ಅಲ್ಲಿ ಎಷ್ಟೋ ಸಲ ಟ್ಯೂನ್ ಮೊದಲು ಹುಟ್ಟುತ್ತದೆ, ಮಾತು ಆಮೇಲೆ. ಉಳಿದ ಮಾತ್ರೆ ತುಂಬಿಸಲು 'ಓ', 'ನೀ', 'ನಿನ್ನಯ' ಬರುತ್ತವೆ. ಚರಣ ಮುಗಿದಾಗಲೆಲ್ಲ ಪಲ್ಲವಿಗೆ ಮರಳಬೇಕು. ಒಂದೇ ಸಲ ಕೇಳಿದವರಿಗೂ ಹಿಡಿಯಬೇಕು. ಅದು ಸುಲಭದ ಕೆಲಸ ಅಂತ ನಾನು ಹೇಳುತ್ತಿಲ್ಲ. ಆದರೆ ಲಕ್ಕಮ್ಮನ ಮೊದಲ ಸಾಲನ್ನು ಪಲ್ಲವಿ ಮಾಡಿ, 'ದೂರ ಮಾರಯ್ಯಾ' ಆದ ಮೇಲೆ ಮತ್ತೆ ಹಾಡಿ ನೋಡಿ. ಮುಚ್ಚಿದ ಬಾಗಿಲನ್ನು ನೀವೇ ತೆರೆದಂತಾಗುತ್ತದೆ. ಅವಳ ಮಾತು ಮುಗಿದಿದೆ, ಮಾರಯ್ಯ ಇನ್ನು ಅಕ್ಕಿ ಸುರಿದು ಬರಬೇಕು.

ಈಗ ನಿಮ್ಮದು. "ಕರುಣಾಸಾಗರ ಓ ಗಿರಿಜಾರಮಣ, ನೀಡೆನಗೆ ನಿನ್ನಯ ಚರಣ" ಎಂದು ಬರೆದಿದ್ದೀರಿ. ಇದನ್ನು ಮಂಡಿಯಲ್ಲಿ ಯಾರಿಗಾದರೂ ಮುಖ ನೋಡಿ ಹೇಳಲು ಆಗುತ್ತಾ? ರಮಣ ಬಂದದ್ದರಿಂದ ಚರಣ ಬಂತು, ಚರಣದಿಂದ ಶರಣ. ಪ್ರಾಸ ಕರೆದಲ್ಲಿಗೆ ಭಕ್ತಿ ಹೋಗಿದೆ. ಬರೆದವರು ಕೊಬ್ಬರಿ ಲೆಕ್ಕದವರೋ ಬಸ್ ಕಂಡಕ್ಟರೋ, ಒಂದೂ ಗೊತ್ತಾಗಲ್ಲ.

ಇನ್ನೊಂದು ತಪ್ಪು ದೊಡ್ಡದು. ಎಲ್ಲದರ ಕೊನೆಗೂ 'ಕೂಡಲಸಂಗಮದೇವ' ಹಾಕಿದ್ದೀರಿ. ಅದು ಬಸವಣ್ಣನ ಅಂಕಿತ. ಯಾವ ವಚನ ಯಾರದು ಅಂತ ಗುರುತಿಸುವುದೇ ಅಂಕಿತದಿಂದ. ಬೇರೆಯವರ ಚೆಕ್ಕಿಗೆ ನೀವು ಸಹಿ ಹಾಕುವಿರಾ? ಲಕ್ಕಮ್ಮನ ಅಂಕಿತದೊಳಗೆ ಗಂಡನ ಹೆಸರೇ ಇದೆ, ಯಾವ ಗಂಡನನ್ನು ಅವಳು ತಿದ್ದುತ್ತಿದ್ದಾಳೋ ಅವನದೇ. ಅಂಕಿತ ಕೊನೆಗೆ ಅಂಟಿಸುವ ಮುದ್ರೆಯಲ್ಲ. ಆಡಿದ ಮಾತನ್ನು ಸಾಕ್ಷಿಯ ಎದುರು ಇಡುವುದು.

ಇನ್ನು ಹನ್ನೆರಡನೆಯದು:

ಚೀಲಕ್ಕೊಂದು ಕೆಜಿ ಸೂಟು ಕಳೆದು ಬರೆದ ಕೈ
ಸಂಜೆ ನಿನಗೆ ಹೂವು ಏರಿಸುತ್ತೆ

ಇದನ್ನು ಓದಿ ನಾನು ಪೆನ್ನು ಕೆಳಗಿಟ್ಟೆ. ಸೂಟು ಅಂತ ರೈತನ ತೂಕದಲ್ಲಿ ಕಡಿದ ಆ ಒಂದು ಕೆಜಿ, ಲಕ್ಕಮ್ಮನ ಹೆಚ್ಚಿನ ಅಕ್ಕಿಯ ಪಕ್ಕದಲ್ಲೇ ಕೂರುತ್ತದೆ. ಸೂಟು ಅನ್ನೋ ಪದ ಮಂಡಿಯಲ್ಲಿ ಕೂತವರಿಗೇ ಸಿಗುವಂಥದ್ದು. ಆದರೆ ಮುಂದೆ ನಾಲ್ಕು ಸಾಲು "ಕ್ಷಮಿಸು ಓ ಕರುಣಾಳು" ಎಂದು ಎಳೆದು, ತಪ್ಪನ್ನು ನೀವೇ ತೊಳೆದುಬಿಟ್ಟಿದ್ದೀರಿ. ಸಿನಿಮಾದಲ್ಲಾದರೆ ಗಂಟೆ ಬಾರಿಸುತ್ತೆ, ದೇವರ ತಲೆಯಿಂದ ಹೂ ಬೀಳುತ್ತೆ, ಕ್ಷಮೆ ಸಿಕ್ಕಿತು. ಇಲ್ಲಿ ಹೂವು ಹಿಡಿದ ಆ ಕೈ ಹಾಗೇ ಇರಲಿ.

ಹನ್ನೊಂದನ್ನು ವಾಪಸ್ ಕಳಿಸಿದ್ದೇನೆ, ಭಜನೆಗೆ ಧಾರಾಳವಾಗಿ ಹಾಡಿ. ಇದೊಂದನ್ನು ಇಟ್ಟುಕೊಂಡು ಕೊನೆಯ ನಾಲ್ಕು ಸಾಲಿಗೆ ಪೆನ್ಸಿಲ್ ಗೀಟು ಎಳೆದಿದ್ದೇನೆ. ಅಂಕಿತದ ಜಾಗ ಖಾಲಿ ಇದೆ. ಏನು ಬರೆಯಬೇಕೆಂದು ಒಂದು ಕಾರ್ಡ್ ಹಾಕಿ ತಿಳಿಸಿ.